ಸಹಾಯ ಬೇಕು: ಟ್ರ್ಯಾಪ್ ಕೇಸಿಗೆ 5 ತಿಂಗಳಾದರೂ ಮಂಜೂರಾತಿ ಇಲ್ಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಖಾತೆ ಮಾಡಿಸುವಾಗ ಅಧಿಕಾರಿಯೊಬ್ಬರು ಲಂಚ ಕೇಳಿದ್ದರು. ಲೋಕಾಯುಕ್ತ ಪೊಲೀಸರಿಗೆ ದೂರು ಕೊಟ್ಟೆ, ಟ್ರ್ಯಾಪ್ ಆಯಿತು. ಅವರ ಕೈ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡವನು ನಾನು. ತನಿಖೆ ಮುಗಿದು, ಪ್ರಾಸಿಕ್ಯೂಷನ್ ಮಂಜೂರಾತಿಗೆ ಫೈಲು ಹೋಗಿ 5 ತಿಂಗಳಾಯಿತು. ಕೊಡುವುದೂ ಇಲ್ಲ, ಆಗಲ್ಲ ಅನ್ನುವುದೂ ಇಲ್ಲ. ಎರಡು ಸಲ ಅರ್ಜಿ ಬರೆದೆ, ಸ್ವೀಕೃತಿ ಮುದ್ರೆ ಬಿಟ್ಟು ಬೇರೇನೂ ಸಿಗಲಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಪ್ರಕಾರ ಗಡುವು 3 ತಿಂಗಳು, ಕಾನೂನು ಸಲಹೆ ಬೇಕಾದರೆ ಇನ್ನೊಂದು ತಿಂಗಳು. "120 ದಿನ ಆಯ್ತಲ್ವಾ, ಮಂಜೂರಾದ ಹಾಗೇ" ಅಂತ ಪರಿಚಯದವರು ಹೇಳಿದರು. ಆದರೆ ಆ ಮಾತು ಇರುವುದು ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ. 19ರಲ್ಲಿ ಇಲ್ಲ.

2022ರ ವಿಜಯ್ ರಾಜಮೋಹನ್ ತೀರ್ಪು ಓದಿದೆ. ಗಡುವು ಕಡ್ಡಾಯ, ಆದರೆ ತಡವಾಯಿತು ಅಂತ ಕೇಸು ಬೀಳುವುದಿಲ್ಲ, ದೂರುದಾರರೂ ರಿಟ್ ಹಾಕಬಹುದು ಅಂತ ಅದರಲ್ಲಿದೆ. ಅಲ್ಲಿಗೆ ಸಮಾಧಾನ ಆಯಿತು. ಗೊಂದಲ ಶುರುವಾಗಿದ್ದು 1997ರ ಮನ್ಸುಖ್‌ಲಾಲ್ ತೀರ್ಪು ನೋಡಿದ ಮೇಲೆ. ಅಲ್ಲಿ ಹೈಕೋರ್ಟೇ "ಮಂಜೂರಾತಿ ಕೊಡಿ" ಅಂತ ಆದೇಶಿಸಿತ್ತು. ಅಧಿಕಾರಿ ಸ್ವಂತ ಬುದ್ಧಿಯಿಂದ ತೀರ್ಮಾನಿಸಲಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಮಂಜೂರಾತಿಯನ್ನೇ ಒಪ್ಪಲಿಲ್ಲ.

ಹಾಗಾದರೆ ರಿಟ್‌ನಲ್ಲಿ "ಇಷ್ಟು ದಿನದೊಳಗೆ ತೀರ್ಮಾನಿಸಿ" ಅಂತ ಮಾತ್ರ ಕೇಳಬೇಕಾ? ಆಮೇಲೆ ಸಾಕ್ಷ್ಯ ನೋಡದೆ ಸುಮ್ನೆ ನಿರಾಕರಿಸಿದರೆ, ಆ ಆದೇಶವನ್ನು ದೂರುದಾರನಾಗಿ ನಾನೇ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದಾ?