ಡಿಸೆಂಬರ್ ವರದಿ: ಡ್ರೈಯರ್ ಕೈಕೊಟ್ಟಿದ್ದನ್ನು ಹೂಡಿಕೆದಾರರಿಗೆ ಬರೆಯೋದಾ, ಬೇಡ್ವಾ?

ತೀರ್ಥಹಳ್ಳಿಯಿಂದ ಪ್ರಶ್ನೆ

ಬೇಯಿಸಿದ ಅಡಿಕೆ ಒಣಗಿಸುವ ಡ್ರೈಯರ್ ಮಾಡುತ್ತಿದ್ದೇವೆ. ಬೆಂಗಳೂರಿನ ಇಬ್ಬರು ದುಡ್ಡು ಹಾಕಿದ್ದಾರೆ, ಇನ್‌ಕ್ಯುಬೇಟರ್ ಮೂಲಕ ಸೀಡ್ ಫಂಡ್ ಅನುದಾನವೂ ಬಂದಿದೆ. ಡಿಸೆಂಬರ್‌ನಲ್ಲಿ ಒಬ್ಬ ಬೆಳೆಗಾರರ ಎರಡು ಕ್ವಿಂಟಲ್ ಒಣಗಿಸಿ ಕೊಟ್ಟೆವು. ನೋಡಲು ಚೆನ್ನಾಗೇ ಇತ್ತು. ಮಂಡಿಯಲ್ಲಿ ಅಡಕತ್ತರಿಗೆ ಕೊಟ್ಟು ಕತ್ತರಿಸಿದರೆ ಒಳಗೆ ಹಸಿ. ದರ ಇಳೀತು. ತಿಂಗಳ ವರದಿ ಐದನೇ ತಾರೀಕಿಗೆ ಹೋಗಬೇಕು. ಈಗಲೇ ಬರೆಯೋದಾ, ಸರಿ ಮಾಡಿಕೊಂಡು ಮುಂದಿನ ತಿಂಗಳು ಬರೆಯೋದಾ? ಬರೆದರೆ ಹೇಗೆ?

ಶಿವಮೊಗ್ಗ, ಸಾಫ್ಟ್‌ವೇರ್ ಕಂಪನಿ ನಡೆಸುವವರು

ಕೆಟ್ಟ ಸುದ್ದಿ ಮೊದಲು ಫೋನಿನಲ್ಲಿ ಹೇಳಿ. ಮೇಲ್ ತೆರೆದಾಗ ಅವರಿಗೆ ಅದು ಹೊಸದಾಗಿರಬಾರದು. ವರದಿಯಲ್ಲಿ ಆಗಿರುವ ಒಳ್ಳೆಯ ಕೆಲಸ ಮೇಲೆ ಬರಲಿ, ಇದು ಕೊನೆಗೆ ಒಂದು ಸಾಲು ಸಾಕು. ಒಂದೇ ವರದಿ ಬರೆದು ಇಬ್ಬರಿಗೂ, ಇನ್‌ಕ್ಯುಬೇಟರ್‌ಗೂ ಕಳಿಸಿಬಿಡಿ. ಮೂರು ಸಲ ಬರೆಯುತ್ತಾ ಕೂತರೆ ಕೆಲಸ ಮಾಡೋದು ಯಾವಾಗ?

ಸಾಗರ, ಮೊದಲು ಮೆಣಸು ಸಂಸ್ಕರಣಾ ಘಟಕ ನಡೆಸುತ್ತಿದ್ದವರು

ಫೋನಿನ ಮಾತು ಸರಿ. ಉಳಿದದ್ದು ಒಪ್ಪುವುದಿಲ್ಲ.

ತಮ್ಮಾ, ಈ ತಿಂಗಳೇ ಬರೆಯಿರಿ. ಇನ್ನೊಂದೆರಡು ತಿಂಗಳಲ್ಲಿ ಅಡಿಕೆ ಗೊನೆ ಕೊಯ್ಯುವುದು ಮುಗಿಯುತ್ತದೆ. ಆಮೇಲೆ ಡ್ರೈಯರ್‌ಗೆ ಹಾಕಲು ಅಡಿಕೆ ಬೇಕೆಂದರೆ ದೀಪಾವಳಿವರೆಗೆ ಕಾಯಬೇಕು. ನೀವು ಒಂದು ತಿಂಗಳು ಸುಮ್ಮನಿದ್ದರೆ ಹೋಗುವುದು ಒಂದು ತಿಂಗಳಲ್ಲ, ಒಂದು ವರ್ಷ. ನಾನು ಹಾಗೇ ಮಾಡಿದ್ದೆ. ನಮ್ಮ ಮೆಣಸು ಬಿಡಿಸುವ ಯಂತ್ರ ಕಾಳು ಒಡೆಯುತ್ತಿತ್ತು. ಎರಡು ವರದಿಯಲ್ಲಿ ‘ಸಣ್ಣ ತಾಂತ್ರಿಕ ತೊಂದರೆ’ ಅಂತ ಬರೆದೆ. ಮೂರನೇ ತಿಂಗಳು ನಿಜ ಹೇಳಿದಾಗ ಹೂಡಿಕೆದಾರರು ಬೈಯಲಿಲ್ಲ. ‘ಆ ಜಾಲರಿ ಮಾಡುವವರು ನನಗೆ ಗೊತ್ತಿದ್ದರಲ್ಲ ಮೇಡಂ’ ಅಂದರು. ಅಷ್ಟರಲ್ಲಿ ಕಾಳು ಕೊಯ್ದು ಮುಗಿದಿತ್ತು.

ಈಗ ವರದಿ. ಮೊದಲ ಸಾಲಿನಲ್ಲೇ ಕೈಯಲ್ಲಿ ಎಷ್ಟು ದುಡ್ಡಿದೆ, ಎಷ್ಟು ತಿಂಗಳಿಗೆ ಸಾಕು ಅಂತ ಇರಲಿ. ಎಲ್ಲರೂ ಎಡವುವುದು ಇಲ್ಲೇ. ಬ್ಯಾಂಕಿನಲ್ಲಿ 9.4 ಲಕ್ಷ ಇದೆ ಅಂದುಕೊಳ್ಳಿ. ತಿಂಗಳ ಖರ್ಚು 2.75 ಲಕ್ಷ, ಬರುವುದು 40 ಸಾವಿರ. ತಿಂಗಳಿಗೆ 2.35 ಲಕ್ಷ ಕರಗುತ್ತದೆ, ನಾಲ್ಕು ತಿಂಗಳು ನಡೆಯುತ್ತದೆ ಅನಿಸುತ್ತದೆ. ಆದರೆ ಅದರಲ್ಲಿ 3 ಲಕ್ಷ ಟ್ರಯಲ್ ಯಂತ್ರಕ್ಕೆಂದೇ ಬಂದ ಅನುದಾನ. ಅದರಲ್ಲಿ ಸಂಬಳ ಕೊಡುವ ಹಾಗಿಲ್ಲ. ಇನ್ನೊಂದು ಲಕ್ಷ ಐದು ಬೆಳೆಗಾರರು ತಲಾ 20 ಸಾವಿರ ಕೊಟ್ಟ ಮುಂಗಡ. ಯಂತ್ರ ಕೊಡದಿದ್ದರೆ ವಾಪಸ್ ಕೊಡಬೇಕಾದ ದುಡ್ಡು. ಎರಡನ್ನೂ ಕಳೆದರೆ ಉಳಿಯುವುದು 5.4 ಲಕ್ಷ. ಅಂದರೆ ಎರಡು ತಿಂಗಳು, ಮೇಲೆ ಒಂದು ವಾರ ಚಿಲ್ಲರೆ. ಹೂಡಿಕೆದಾರರು ತಿಳಿಯಬೇಕಾದ್ದು ಈ ಲೆಕ್ಕ. ‘ನಾಲ್ಕು ತಿಂಗಳು’ ಅಂತ ಬರೆದು ಎರಡನೇ ತಿಂಗಳ ಕೊನೆಗೆ ದುಡ್ಡು ಕೇಳಿದರೆ ಮುಂದೆ ನೀವು ಕೊಡುವ ಯಾವ ಅಂಕಿಯನ್ನೂ ನಂಬುವುದಿಲ್ಲ.

ಆಮೇಲೆ ಕೈಕೊಟ್ಟ ವಿಷಯ. ಗೊತ್ತಿರುವುದು, ಅನುಮಾನ ಎರಡನ್ನೂ ಬೇರೆ ಬೇರೆ ಬರೆಯಿರಿ. ಗೊತ್ತಿರುವುದು: ಒಳಗೆ ಹಸಿ ಉಳಿಯಿತು, ದರ ಇಳೀತು. ಅನುಮಾನ: ಬೇಗ ಮುಗಿಸಲು ಶಾಖ ಏರಿಸಿದಿರಾ? ಮೇಲ್ಮೈ ಬೇಗ ಗಟ್ಟಿಯಾದರೆ ಒಳಗಿನ ನೀರಿಗೆ ದಾರಿ ಸಿಗುವುದಿಲ್ಲ. ಅಥವಾ ಮೇಲಿನ ತಟ್ಟೆಗಳಿಗೆ ಬಿಸಿಗಾಳಿಯೇ ಮುಟ್ಟುತ್ತಿಲ್ಲವಾ? ಪ್ರತಿ ತಟ್ಟೆಯಿಂದ ಹತ್ತು ಅಡಿಕೆಗೆ ಗುರುತು ಹಾಕಿ, ನಾಲ್ಕು ಗಂಟೆಗೊಮ್ಮೆ ತೂಗಿ, ಕೊನೆಗೆ ಕತ್ತರಿಸಿ ನೋಡಿ. ಎಲ್ಲ ತಟ್ಟೆಯಲ್ಲೂ ತೂಕ ಇಳಿಯುವುದು ನಿಂತು, ಒಳಗೆ ಇನ್ನೂ ಹಸಿ ಇದ್ದರೆ ಶಾಖದ ತಪ್ಪಿರಬಹುದು. ಮೇಲಿನ ತಟ್ಟೆಗಳಲ್ಲಿ ಮಾತ್ರ ಹಸಿ ಇದ್ದರೆ ಗಾಳಿಯದ್ದು. ಈ ಪರೀಕ್ಷೆ ಯಾವ ತಾರೀಕಿಗೆ ಮುಗಿಯುತ್ತದೆ ಅಂತಲೂ ಬರೆಯಿರಿ. ‘ಶೀಘ್ರದಲ್ಲೇ ಸರಿಪಡಿಸುತ್ತೇವೆ’ ಬೇಡ.

ಇನ್‌ಕ್ಯುಬೇಟರ್‌ಗೆ ಬೇರೆ ಪತ್ರವೇ ಬೇಕು. ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ 20 ಲಕ್ಷದವರೆಗಿನ ಅನುದಾನ ಬರುವುದೇ ಮೈಲಿಗಲ್ಲು ಮುಟ್ಟಿದ ಹಾಗೆ ಕಂತಿನಲ್ಲಿ. ಟ್ರಯಲ್ ತಾರೀಕು ತಪ್ಪಿದ್ದರೆ ಹೊಸ ತಾರೀಕು, ಕಾರಣ ಬರೆದು ಒಪ್ಪಿಗೆ ಕೇಳಿ. ಒಪ್ಪಿಗೆ ಬರುವ ಮೊದಲು ಆ ದುಡ್ಡನ್ನು ಬೇರೆ ಬಾಬ್ತಿಗೆ ಖರ್ಚು ಹಾಕಬೇಡಿ. ಬಳಕೆ ಪ್ರಮಾಣಪತ್ರ ಮಾಡಿಸುವಾಗ ಆಡಿಟರ್ ಕೈಗೆ ಸಿಕ್ಕಿಬೀಳುತ್ತದೆ.

ಹೊಸನಗರ

ನಂದು ಉಪ್ಪಿನಕಾಯಿ ಘಟಕ, ಪಿಎಂಎಫ್‌ಎಂಇ ಸಾಲ. ನಾವೂ ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಲೆಕ್ಕ ಕೊಡುತ್ತೇವೆ. ಎಷ್ಟು ಭರಣಿ ಇದೆ, ಎಷ್ಟು ಸಾಲ ಬಾಕಿ, ಅಷ್ಟೇ. ಕಥೆ ಬರೆದರೆ ಮ್ಯಾನೇಜರ್ ಓದುವುದೇ ಇಲ್ಲ. ಕಂತು ತಪ್ಪದೆ ಕಟ್ಟಿದರೆ ಯಾರೂ ಕೇಳುವುದಿಲ್ಲ. ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಅಪ್ಪೆಮಿಡಿ ಬೇಕಾದರೆ ಹೇಳಿ, ಈ ಸಲದ ಫಸಲು ನೋಡಿಕೊಂಡು ಕಳಿಸುತ್ತೇನೆ.

ಸಾಗರ

ನಿಮ್ಮದು ಸಾಲ ಅಣ್ಣ. ಬ್ಯಾಂಕಿಗೆ ಅಡಮಾನ ಇದೆ, ಕಂತು ಇದೆ. ಇವರ ಹತ್ತಿರ ದುಡ್ಡು ಹಾಕಿದವರಿಗೆ ಇರುವುದು ಷೇರು ಮಾತ್ರ. ಕಂಪನಿ ಮುಳುಗಿದರೆ ಅವರದ್ದೂ ಮುಳುಗಿದ ಹಾಗೆ. ಅದಕ್ಕೇ ಅವರಿಗೆ ಕಥೆ ಬೇಕು. ಮಿಡಿ ನನಗೆ ಬೇಕು, ಆಮೇಲೆ ಮಾತಾಡುತ್ತೇನೆ.

ಕೊಪ್ಪ, ತೋಟದ ಜೊತೆ ಎರಡು ಕಂಪನಿಗೆ ಹಣ ಹಾಕಿರುವವರು

ಆ ಕಡೆಯಿಂದ ನೋಡುವವನು ನಾನು. ವರದಿ ಬಂದ ಕೂಡಲೇ ಹೋದ ತಿಂಗಳದ್ದನ್ನು ಪಕ್ಕದಲ್ಲಿ ತೆರೆಯುತ್ತೇನೆ. ಹೋದ ತಿಂಗಳು ‘8 ಆರ್ಡರ್’ ಅಂತಿದ್ದು ಈ ತಿಂಗಳು ‘8 ಆಸಕ್ತ ಗ್ರಾಹಕರು’ ಅಂತಾದರೆ ನನಗೆ ತಿಳಿಯುತ್ತದೆ. ಪದ ಬದಲಾಯಿಸಬೇಡಿ. ಇಳಿದಿದ್ದರೆ ಇಳಿದಿದೆ ಅನ್ನಿ.

‘ನಿಮ್ಮ ಸಹಕಾರ ಇರಲಿ’ ಅಂದರೆ ನಾನು ಏನು ಮಾಡಬೇಕು? ಯಾರಿಂದ, ಏನು, ಯಾವಾಗ ಅಂತ ಕೇಳಿ. ಇಬ್ಬರಿಗೂ ಸೇರಿಸಿ ಕೇಳಿದರೆ ಅವನು ಮಾಡುತ್ತಾನೆ ಅಂತ ಇವನು, ಇವನು ಮಾಡುತ್ತಾನೆ ಅಂತ ಅವನು.

ಒಂದು ವಿಷಯಕ್ಕೆ ಮಾತ್ರ ಮೇಡಂ ಜೊತೆ ತಕರಾರು. ಮುಂಗಡವನ್ನು ಪೂರ್ತಿ ಕಳೆದು ತೋರಿಸುವುದು ಜಾಸ್ತಿ ಆಯಿತು. ಯಂತ್ರ ಕೊಟ್ಟರೆ ಅದು ಆದಾಯವೇ ಅಲ್ವಾ?

ಸಾಗರ

ಕೊಟ್ಟ ದಿನ ಆದಾಯ ರಾಯರೇ. ಒಳಗೆ ಹಸಿ ಉಳಿಸುವ ಯಂತ್ರವನ್ನು ಯಾರು ತೆಗೆದುಕೊಳ್ಳುತ್ತಾರೆ?

ಕೊಪ್ಪ

ಹಾಗಾದರೆ ಎರಡೂ ಲೆಕ್ಕ ಬರೆಯಲಿ, ಮುಂಗಡ ಸೇರಿಸಿ ಒಂದು, ಬಿಟ್ಟು ಒಂದು. ನಾನಾದರೆ ಹಾಗೇ ಕೇಳುತ್ತೇನೆ.

ತೀರ್ಥಹಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಐದು ನಿಮಿಷ ಮಾತೇ ಆಡಲಿಲ್ಲ, ಆಮೇಲೆ ‘ಬೆಳೆಗಾರರ ನಷ್ಟ ತುಂಬಿದಿರಾ’ ಅಂತ ಮೊದಲು ಕೇಳಿದರು. ದರದ ವ್ಯತ್ಯಾಸ 14 ಸಾವಿರ ಕೊಟ್ಟಿದ್ದೇವೆ ಅಂದೆ. ವರದಿಯಲ್ಲಿ ಹೀಗೆ ಬರೆದಿದ್ದೇನೆ, ನೋಡಿ:

‘ಡಿಸೆಂಬರ್‌ನಲ್ಲಿ ಒಣಗಿಸಿದ ಎರಡು ಕ್ವಿಂಟಲ್ ಒಳಗೆ ಹಸಿ ಉಳಿಯಿತು. ಬೆಳೆಗಾರರಿಗೆ ಆದ 14,000 ರೂಪಾಯಿ ನಷ್ಟ ನಾವು ಕೊಟ್ಟಿದ್ದೇವೆ. ಶಾಖವೋ ಗಾಳಿಯೋ ಇನ್ನೂ ಗೊತ್ತಿಲ್ಲ. ತಟ್ಟೆವಾರು ತೂಕದ ಪರೀಕ್ಷೆ ಜನವರಿ 14ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಬೇಕಾಗಿರುವುದು: ಬಿಸಿಗಾಳಿ ಯಂತ್ರದ ಫ್ಯಾನ್ ವಿನ್ಯಾಸ ಬಲ್ಲ ಒಬ್ಬರ ಪರಿಚಯ, ಜನವರಿ 10ರೊಳಗೆ.’

ಸಾಗರ

ಚೆನ್ನಾಗಿದೆ. ಆ ಪರಿಚಯ ಇಬ್ಬರಲ್ಲಿ ಯಾರನ್ನು ಕೇಳುತ್ತಿದ್ದೀರಿ? ಹೆಸರು ಹಾಕಿ. ಪರೀಕ್ಷೆಗೆ ಅಡಿಕೆ ಎಲ್ಲಿಂದ ಬರುತ್ತದೆ ಅಂತಲೂ ಬರೆದಿಲ್ಲ.

ತೀರ್ಥಹಳ್ಳಿ

ಅಡಿಕೆಯದ್ದೇ ಕಷ್ಟ ಮೇಡಂ. ಆ ಬೆಳೆಗಾರರು ಇನ್ನೊಂದು ಸಲ ಕೊಡುತ್ತಾರೋ ಇಲ್ಲವೋ. ನಾಳೆ ಅವರ ಮನೆಗೆ ಹೋಗುತ್ತಿದ್ದೇನೆ.