ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ, ನಿದ್ದೆ ರಾತ್ರಿ ಎರಡಕ್ಕೆ

ಕೇಳಿದವರು: ಬರುವ ಭಾನುವಾರ ಬೆಳಿಗ್ಗೆ 9ರಿಂದ 12ರವರೆಗೆ ನನ್ನ ಪ್ರವೇಶ ಪರೀಕ್ಷೆ. ಸದ್ಯ ರಾತ್ರಿ 2ಕ್ಕೆ ಮಲಗಿ 9ಕ್ಕೆ ಏಳುತ್ತಿದ್ದೇನೆ. ಪಾಠಗಳೆಲ್ಲ ಒಂದು ಸುತ್ತು ಮುಗಿದಿವೆ, ಬಿಡಿಸದ ಮಾಕ್ ಟೆಸ್ಟ್ ಐದು ಉಳಿದಿವೆ. ಈ ಒಂದು ವಾರವನ್ನು ಗಂಟೆ ಗಂಟೆಗೆ ಹೇಗೆ ಹಂಚಿಕೊಳ್ಳಲಿ? ಬರೆದ ಅನುಭವ ಇರುವವರು ಹೇಳಿ.

ಕಳೆದ ವರ್ಷ ಬರೆದವನು: ದಿನಕ್ಕೊಂದು ಮಾಕ್ ಟೆಸ್ಟ್ ಬಿಡಿಸಿಬಿಡಿ, ಐದೂ ಮುಗಿಯುತ್ತವೆ. ನಾನು ಹಾಗೆಯೇ ಮಾಡಿದ್ದೆ. ಮೊದಮೊದಲು ಕೊನೆಯ ಹದಿನೈದು ಪ್ರಶ್ನೆಗಳಿಗೆ ಕೈ ಹಾಕಲೂ ಸಮಯ ಸಿಗುತ್ತಿರಲಿಲ್ಲ. ನಾಲ್ಕನೆಯ ಟೆಸ್ಟ್ ಹೊತ್ತಿಗೆ ಹತ್ತು ನಿಮಿಷ ಮಿಗತೊಡಗಿತು. ಉಳಿದ ಹೊತ್ತಿನಲ್ಲಿ ನೋಟ್ಸ್ ಮೂರು ಸಲ ಓದಿ ಮುಗಿಸಿ. ನಿದ್ದೆಯ ಚಿಂತೆ ಬೇಡ, ಪರೀಕ್ಷೆಯ ದಿನ ಭಯಕ್ಕೇ ಎಚ್ಚರವಾಗುತ್ತದೆ.

ಮಗಳ ತಂದೆ: ಒಂದು ವಾರದಲ್ಲಿ ಪಠ್ಯ ಮುಗಿಸುವುದು ಆಗದ ಮಾತು. ಕನಿಷ್ಠ ಮೂರು ತಿಂಗಳು ಮೊದಲೇ ಶುರು ಮಾಡಬೇಕಿತ್ತು. ನನ್ನ ಮಗಳಿಗೂ ಇದನ್ನೇ ಹೇಳಿ ಹೇಳಿ ಸಾಕಾಯಿತು.

ಕೇಳಿದವರು: ಪಠ್ಯ ಮುಗಿದಿದೆ ಸರ್. ನಾನು ಕೇಳಿದ್ದು ಕೊನೆಯ ವಾರದ ಬಗ್ಗೆ ಮಾತ್ರ.

ಹತ್ತು ವರ್ಷ ಕಲಿಸಿದವಳು: ನಿಮ್ಮ ವೇಳಾಪಟ್ಟಿಯನ್ನು ಓದಿನಿಂದಲ್ಲ, ಏಳುವ ಹೊತ್ತಿನಿಂದ ಶುರು ಮಾಡಿ. ಭಾನುವಾರ 6ಕ್ಕೆ ಎದ್ದರೆ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲು ಮೂರು ಗಂಟೆ ಸಿಗುತ್ತದೆ. ಎದ್ದ ಮೊದಲ ಅರ್ಧ ಗಂಟೆ ತಲೆ ಮಂಕಾಗಿಯೇ ಇರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು. ಈಗ ನೀವು ಪರೀಕ್ಷೆ ಶುರುವಾಗುವ ಹೊತ್ತಿಗೆ ಕಣ್ಣು ಬಿಡುತ್ತಿದ್ದೀರಿ. ಹೀಗೇ ಹೋದರೆ ಮೊದಲ ಇಪ್ಪತ್ತು ಪ್ರಶ್ನೆಗಳನ್ನು ನಿದ್ದೆಗಣ್ಣಿನಲ್ಲಿ ಬಿಡಿಸುತ್ತೀರಿ. ಭಯಕ್ಕೆ ಎಚ್ಚರವಾಗುತ್ತದೆ ಎಂಬುದು ನಿಜ, ಆದರೆ ಎಚ್ಚರವಾಗುವುದೇ ಬೇರೆ, ಲೆಕ್ಕ ಸರಿಯಾಗಿ ಬರುವುದೇ ಬೇರೆ.

9ರಿಂದ 6ಕ್ಕೆ ಒಂದೇ ದಿನ ಹಾರಬೇಡಿ. ದೇಹದ ಗಡಿಯಾರವನ್ನು ಹಿಂದಕ್ಕೆ ಸರಿಸುವುದು ಕಷ್ಟ, ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಅದು ಒಪ್ಪುವುದಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಸಾಕು: ಸೋಮವಾರ 8.15, ಮಂಗಳವಾರ 7.30, ಬುಧವಾರ 6.45, ಗುರುವಾರ 6. ಅಲ್ಲಿಂದ ಮುಂದೆ ಅದೇ ಹೊತ್ತು. ಎದ್ದ ಕೂಡಲೇ ಕಿಟಕಿ ತೆರೆಯಿರಿ, ಸಾಧ್ಯವಾದರೆ ಬಿಸಿಲಿಗೆ ಹೋಗಿ ನಿಲ್ಲಿ. ಗಡಿಯಾರವನ್ನು ಸರಿಸುವುದು ಮುಖ್ಯವಾಗಿ ಆ ಬೆಳಕು. ರಾತ್ರಿ ಕಣ್ಣ ಮುಂದೆ ಹಿಡಿದ ಮೊಬೈಲ್ ಬೆಳಕು ಅದನ್ನು ಉಲ್ಟಾ ತಿರುಗಿಸುತ್ತದೆ. ಮಲಗುವ ಹೊತ್ತೂ ಅದೇ ಲೆಕ್ಕದಲ್ಲಿ ಇಳಿದು ಗುರುವಾರ ರಾತ್ರಿ 11ಕ್ಕೆ ಬಂದು ನಿಲ್ಲಲಿ.

ಐದು ಟೆಸ್ಟ್‌ಗಳಲ್ಲಿ ಎರಡು ಸಾಕು: ಮಂಗಳವಾರ, ಗುರುವಾರ, ಸರಿಯಾಗಿ 9ರಿಂದ 12. ಉತ್ತರ ತುಂಬುವುದು ಓಎಂಆರ್ ಹಾಳೆಯಲ್ಲಾದರೆ ವೃತ್ತ ತುಂಬುವುದನ್ನೂ ಆ ಮೂರು ಗಂಟೆಯೊಳಗೇ ಮುಗಿಸಿ. ಮಧ್ಯಾಹ್ನ 2ರಿಂದ 5 ಆ ಟೆಸ್ಟಿನ ತಪ್ಪುಗಳಿಗೇ ಮೀಸಲು.

ಕಳೆದ ವರ್ಷ ಬರೆದವನು: ಮೂರು ಗಂಟೆಯ ಟೆಸ್ಟಿಗೆ ಇನ್ನೂ ಮೂರು ಗಂಟೆ ತಪ್ಪು ನೋಡುವುದೇ? ಕೀ ಉತ್ತರದೊಂದಿಗೆ ತಾಳೆ ನೋಡಲು ಇಪ್ಪತ್ತು ನಿಮಿಷ ಸಾಕಲ್ಲವೇ?

ಹತ್ತು ವರ್ಷ ಕಲಿಸಿದವಳು: ತಾಳೆ ನೋಡಿದರೆ ಅಂಕ ತಿಳಿಯುತ್ತದೆ, ಅಷ್ಟೇ. ನನ್ನ ವಿದ್ಯಾರ್ಥಿನಿಯೊಬ್ಬಳ ಹಾಳೆಯನ್ನೇ ತೆಗೆದುಕೊಳ್ಳಿ. 90 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಆಕೆ ಉತ್ತರಿಸಿದ್ದು 78, ಸರಿ 52, ತಪ್ಪು 26, ಒಟ್ಟು 182. ಆ 26 ತಪ್ಪುಗಳನ್ನೂ ಕೀ ನೋಡದೆ ಮತ್ತೆ ಬಿಡಿಸಲು ಹೇಳಿದೆ. 11 ಪ್ರಶ್ನೆಗಳು ಎರಡನೆಯ ಸಲ ತಾವಾಗಿಯೇ ಸರಿಯಾದವು. ಒಂದರಲ್ಲಿ ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬುದನ್ನು ‘ಸರಿಯಾದ ಹೇಳಿಕೆ’ ಎಂದು ಓದಿದ್ದಳು. ಇನ್ನೊಂದರಲ್ಲಿ ನಿಮಿಷವನ್ನು ಸೆಕೆಂಡಿಗೆ ಬದಲಿಸದೆ ಬಿಟ್ಟಿದ್ದಳು. 9 ಊಹೆ, 6 ನಿಜವಾಗಿಯೂ ತಿಳಿಯದವು. ಆ 11 ಸರಿಯಾಗಿದ್ದರೆ ತಲಾ 5 ಅಂಕದಂತೆ 55 ಹೆಚ್ಚಿ 237 ಆಗುತ್ತಿತ್ತು. ತಿಳಿಯದ ಆರನ್ನು ಕಲಿತರೆ ಸಿಗುವುದು ಹೆಚ್ಚೆಂದರೆ 30, ಅದೂ ಅವೇ ಪ್ರಶ್ನೆಗಳು ಮತ್ತೆ ಬಂದರೆ. ಮರುದಿನ ಅವಳು ಏನು ಓದಬೇಕು ಎಂಬುದು ಈ ಎಣಿಕೆಯಿಂದಲೇ ಹೊರಬಿತ್ತು. ದಿನಕ್ಕೊಂದು ಟೆಸ್ಟ್ ಬರೆದರೆ ಈ ಎಣಿಕೆಗೆ ಪುರಸೊತ್ತೇ ಇರುವುದಿಲ್ಲ, ಅದೇ 11 ತಪ್ಪುಗಳು ಐದು ಸಲ ಮರುಕಳಿಸುತ್ತವೆ. ನಿಮಗೆ ವೇಗ ಹೆಚ್ಚಿದ್ದು ನಿಜವಿರಬಹುದು. ವೇಗವೇ ತೊಂದರೆಯಾಗಿದ್ದವರಿಗೆ ನಿಮ್ಮ ದಾರಿ ಸರಿಯೇ.

ಟೆಸ್ಟ್ ಇಲ್ಲದ ದಿನ 9ರಿಂದ 12 ಅತಿ ಕಷ್ಟದ ವಿಷಯಕ್ಕೆ. ನೋಟ್ಸ್ ಮೂರು ಸಲ ಓದುವುದನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಪರಿಚಯವಾದದ್ದೆಲ್ಲ ನೆನಪಿದೆ ಎಂದು ಅನ್ನಿಸಿಬಿಡುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಅಧ್ಯಾಯದ ಹೆಸರು ಬರೆದು, ಹತ್ತು ನಿಮಿಷ ನೆನಪಾದಷ್ಟನ್ನೂ ಗೀಚಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಓದಬೇಕಾದದ್ದು ಆ ಕೆಂಪು ಅಕ್ಷರಗಳನ್ನು ಮಾತ್ರ. ಎರಡು ದಿನ ಬಿಟ್ಟು ಮತ್ತೊಂದು ಖಾಲಿ ಹಾಳೆ.

ಎರಡು ಬಾರಿ ಬರೆದವಳು: ಮೇಡಂ ಹೇಳುವ ಮೊದಲು ಇದು ನನಗೆ ತಿಳಿದಿದ್ದರೆ! ಮೊದಲ ಸಲ ಪರೀಕ್ಷೆಯ ಹಿಂದಿನ ರಾತ್ರಿ ‘ಬೇಗ ಮಲಗೋಣ’ ಎಂದು 9ಕ್ಕೇ ದೀಪ ಆರಿಸಿದೆ. ನನ್ನ ಮಾಮೂಲಿ ಹೊತ್ತು 12. ಒಂದರವರೆಗೂ ಹೊರಳಾಡಿದೆ, ಗಡಿಯಾರ ನೋಡಿದಷ್ಟೂ ನಿದ್ದೆ ದೂರ ಸರಿಯಿತು. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಹೋದೆ, ಕೈ ನಡುಗಿತು.

ಹತ್ತು ವರ್ಷ ಕಲಿಸಿದವಳು: ಮಾಮೂಲಿ ಹೊತ್ತಿಗೆ ಮುಂಚಿನ ಎರಡು-ಮೂರು ಗಂಟೆಗಳಲ್ಲಿ ದೇಹ ಮಲಗಲು ಒಪ್ಪದೆ ಅತಿ ಹೆಚ್ಚು ಹಟ ಮಾಡುತ್ತದೆ. 9ಕ್ಕೆ ನಿದ್ದೆ ಬಾರದಿದ್ದುದು ನಿಮ್ಮ ದೋಷವಲ್ಲ. ಶನಿವಾರ ರಾತ್ರಿಯೂ ಹಿಂದಿನ ಎರಡು ರಾತ್ರಿಗಳಂತೆ 11ಕ್ಕೇ ಮಲಗುವುದು ಮೇಲು. ಅಂದು ನಿದ್ದೆ ಸರಿಯಾಗಿ ಬಾರದಿದ್ದರೂ ಹಿಂದಿನ ರಾತ್ರಿಗಳು ಚೆನ್ನಾಗಿದ್ದರೆ ಒಂದು ಬೆಳಗನ್ನು ನಿಭಾಯಿಸಬಹುದು. ಇನ್ನು ಕಾಫಿ: ಕುಡಿದು ಐದು ಗಂಟೆಯಾದರೂ ಅದರ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಧ್ಯಾಹ್ನ 2ರ ನಂತರ ಬೇಡ, ಪರೀಕ್ಷೆಯ ದಿನ ರೂಢಿಗಿಂತ ಹೆಚ್ಚೂ ಬೇಡ.

ಕೇಳಿದವರು: ಮಂಗಳವಾರ ಸಂಜೆ ಬರೆಯುತ್ತಿದ್ದೇನೆ. ಅಲಾರಂ ಆರಿಸಿ ಮತ್ತೆ ಮಲಗಿ 7.30ರ ಬದಲು 7.50ಕ್ಕೆ ಎದ್ದೆ. ಟೆಸ್ಟ್ 9ಕ್ಕೇ ಶುರುವಾಯಿತು. ತಪ್ಪು 22. ಕೀ ನೋಡದೆ ಮತ್ತೆ ಬಿಡಿಸಿದಾಗ 9 ಸರಿಯಾದವು, ಅದರಲ್ಲಿ 6 ಮೊದಲ ಮುಕ್ಕಾಲು ಗಂಟೆಯವು! ಶನಿವಾರ ಕೊನೆಯದಾಗಿ ಒಂದು ಟೆಸ್ಟ್ ಬರೆಯಲೇ?

ಹತ್ತು ವರ್ಷ ಕಲಿಸಿದವಳು: ಬೇಡ. ಅಂಕ ಕಡಿಮೆ ಬಂದರೆ ಸರಿಪಡಿಸಲು ದಿನ ಉಳಿದಿರುವುದಿಲ್ಲ, ಆ ಅಂಕವೇ ತಲೆಯಲ್ಲಿ ಕೂರುತ್ತದೆ. ಕೆಂಪು ಅಕ್ಷರಗಳನ್ನು ನೋಡಿ, ಸಂಜೆ 6ಕ್ಕೆ ಪುಸ್ತಕ ಮುಚ್ಚಿ, ಪ್ರವೇಶ ಪತ್ರ ಎತ್ತಿಡಿ.

ಎರಡು ಬಾರಿ ಬರೆದವಳು: ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ ಮೇಡಂ. ಎರಡನೆಯ ಸಲ ಹಿಂದಿನ ದಿನ ಬೆಳಿಗ್ಗೆ 9ಕ್ಕೆ, ಮೊದಲೇ ಬಿಡಿಸಿದ್ದ ಹಳೆಯ ಪತ್ರಿಕೆಯ ಮೊದಲ 30 ಪ್ರಶ್ನೆಗಳನ್ನು ಒಂದು ಗಂಟೆ ಬಿಡಿಸಿದೆ, ಅಂಕ ಹಾಕಲಿಲ್ಲ. ಇವರ ತಪ್ಪುಗಳೂ ಮೊದಲ ಮುಕ್ಕಾಲು ಗಂಟೆಯಲ್ಲೇ ಇವೆಯಲ್ಲ.