ಸಹಾಯ ಬೇಕು: ಇಂಟರ್‌ವ್ಯೂ ಕನ್ಫರ್ಮೇಷನ್ ಮೆಸೇಜ್ ಹೀಗೆ ಬರೆದರೆ ಸಾಕಾ?

ನಮ್ಮ ಕಂಪನಿಯಿಂದ ಅಭ್ಯರ್ಥಿಗಳಿಗೆ ಇಂಟರ್‌ವ್ಯೂ ಸಮಯ ತಿಳಿಸುವ ಮೇಲ್ ಕಳಿಸೋದು ನನ್ನ ಕೆಲಸ. ಕಳೆದ ವಾರ ಒಬ್ಬರು ಬರಲೇ ಇಲ್ಲ, ಪ್ಯಾನೆಲ್‌ನವರು 25 ನಿಮಿಷ ಸುಮ್ನೆ ಕಾದರು. ಆಮೇಲೆ ನೋಡಿದರೆ ಪಾಪ, ಅವರು ಹಿಂದಿನ ದಿನವೇ "ಬೇರೆ ದಿನ ಕೊಡ್ತೀರಾ" ಅಂತ ಉತ್ತರಿಸಿದ್ದರು, ಆದರೆ ಅದು ಯಾರೂ ತೆರೆಯದ ನೋ-ರಿಪ್ಲೈ ವಿಳಾಸಕ್ಕೆ ಹೋಗಿತ್ತು. ತಪ್ಪು ನಮ್ಮದೇ ಅಲ್ವಾ?

ಈಗ ಹೀಗೆ ಬದಲಿಸಿದ್ದೇನೆ:

"ನಿಮ್ಮ ಇಂಟರ್‌ವ್ಯೂ ಗುರುವಾರ ಬೆಳಿಗ್ಗೆ 11ಕ್ಕೆ, ವಿಡಿಯೋ ಕಾಲ್‌ನಲ್ಲಿ, ಸುಮಾರು 45 ನಿಮಿಷ. ಬರುವುದಾದರೆ 'ಹೌದು' ಎಂದು ಉತ್ತರಿಸಿ. ಸಮಯ ಹೊಂದದಿದ್ದರೆ ಬುಧವಾರ ಬೆಳಿಗ್ಗೆ 11ರೊಳಗೆ ಕೆಳಗಿನ ಲಿಂಕ್‌ನಲ್ಲಿ ಬೇರೆ ಸಮಯ ಆರಿಸಿ. ಹೊಸ ಸಮಯ ಖಚಿತವಾಗುವವರೆಗೆ ಹಳೆಯದು ನಿಮ್ಮ ಹೆಸರಲ್ಲೇ ಇರುತ್ತದೆ."

ಕೊನೆಯ ಸಾಲು ಬೇಕೇ ಬೇಕು. ಲಿಂಕ್ ಒತ್ತಿದರೆ ಇದ್ದ ಅವಕಾಶವೂ ಹೋಗುತ್ತದೆ ಅಂತ ಹೆದರಿ ಸುಮ್ಮನಿರುವವರು ಇದ್ದಾರೆ. ಬೇರೆ ದೇಶದಲ್ಲಿರುವವರಿಗೆ ಯಾವ ದೇಶದ ಸಮಯ ಅಂತಲೂ ಸೇರಿಸುತ್ತೇನೆ.

ನನ್ನ ಗೊಂದಲ ಒಂದೇ. ಗಡುವು ದಾಟಿದ ಮೇಲೆ ಜ್ವರ ಬಂತು ಅನ್ನುವವರಿಗೆ ಫೋನ್ ನಂಬರ್ ಕೊಡಬೇಕಾ? ಕೊಟ್ಟರೆ ಎಲ್ಲರೂ ಲಿಂಕ್ ಬಿಟ್ಟು ಫೋನೇ ಮಾಡ್ತಾರೆ ಅನ್ನೋ ಭಯ. ಈ ಕೆಲಸ ಮಾಡಿದವರು ಹೇಳಿ, ನೀವು ಏನು ಬರೆಯುತ್ತೀರಿ?